ಅಜ್ಜಿಯ ತವರಿನ ಕಪ್ಪು ಚೌಕಗಳು

ರಕ್ತಸ್ರಾವದ ಕಾಯಿಲೆ ಇರುವ ಮನೆಯವರ ಜೊತೆ ಕೂತು, ಅವರ ವಂಶದ ನಕ್ಷೆ ಬರೆದುಕೊಳ್ಳುವುದು ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ದಾವಣಗೆರೆಯ ಒಂದು ಕುಟುಂಬದ ಕಥೆ. ಹೆಸರುಗಳನ್ನು ಬದಲಿಸಿದ್ದೇನೆ, ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಚೈತ್ರಾ ಮೊದಲ ಸಲ ಬಂದಿದ್ದು ತಮ್ಮನನ್ನು ಕರೆದುಕೊಂಡು. ತಮ್ಮ ಮನುಗೆ ಆಗ 9 ವರ್ಷ. ಅವನಿಗೆ ತೀವ್ರ ಹಿಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇದೆ ಅಂತ ವರ್ಷ ತುಂಬುವ ಮೊದಲೇ ಗೊತ್ತಾಗಿತ್ತು. ಅಂಬೆಗಾಲಿಡುವಾಗಲೇ ಮೊಣಕಾಲ ಮೇಲೆ ನೀಲಿ ಗಂಟುಗಳು ಏಳುತ್ತಿದ್ದವು. ಆ ದಿನ ಬಲ ಮೊಣಕಾಲು ಊದಿಕೊಂಡಿತ್ತು. ಅವನ ತೂಕ 24 ಕೆಜಿ. ರಕ್ತದಲ್ಲಿ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅನ್ನುವ ಅಂಶವನ್ನು ಶೇ. 40ಕ್ಕೆ ಏರಿಸಬೇಕಿತ್ತು. ಒಂದು ಕೆಜಿ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ಮಟ್ಟ ಸುಮಾರು ಶೇ. 2 ಏರುತ್ತದೆ. ಅಂದರೆ 24ನ್ನು 40ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 480. 500 ಯೂನಿಟ್‌ನ ಒಂದು ಬಾಟಲು ಸಾಕು. ನರ್ಸ್ ಇದನ್ನು ಲೆಕ್ಕ ಹಾಕುವಷ್ಟರಲ್ಲಿ ಚೈತ್ರಾ ಬಾಯಲ್ಲೇ ಉತ್ತರ ಹೇಳಿಬಿಟ್ಟಳು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ತಮ್ಮನ ಕಾಲು, ಐಸು, ಇಂಜೆಕ್ಷನ್ ಎಲ್ಲ ಅವಳ ಪಾಲಿಗೇ ಬಂದಿತ್ತು.

ಔಷಧ ಹೋಗುವಾಗ ಅವಳು ಬ್ಯಾಗಿನಿಂದ ಬಯಾಲಜಿ ನೋಟ್‌ಬುಕ್ ತೆಗೆದಳು. ಸೆಕೆಂಡ್ ಪಿಯು. ಆ ವಾರ ಕ್ಲಾಸಿನಲ್ಲಿ ವಂಶದ ನಕ್ಷೆಯ ಪಾಠ ಆಗಿತ್ತು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದರೆ ಕಪ್ಪು ತುಂಬಬೇಕು.

"ಮೇಡಂ, ಪಾಠದಲ್ಲಿ ವಿಕ್ಟೋರಿಯಾ ರಾಣಿ ಮನೆತನದ ವಿಷಯ ಇದೆ. ನಾನು ನಮ್ಮಜ್ಜಿ ಮನೆಯದು ಬರೆದೆ. ನೋಡಿ, ಒಂದೇ ಥರ ಬಂತು. ಕಪ್ಪು ಇರೋದೆಲ್ಲಾ ಚೌಕ. ಆದ್ರೆ ಅಪ್ಪನ ಕಡೆ ಒಬ್ಬರಿಗೂ ಇಲ್ಲ. ಎಲ್ಲಾ ಅಜ್ಜಿ ಕಡೆಯಿಂದಲೇ ಯಾಕೆ?"

ಈ ಪ್ರಶ್ನೆಯನ್ನು ಅವಳು ಮನೆಯಲ್ಲೂ ಕೇಳಿದ್ದಳು. ಅಜ್ಜಿ ಎದ್ದು ಒಳಗೆ ಹೋಗಿದ್ದರಂತೆ.

ಅಜ್ಜಿಯ ತವರು ಜಗಳೂರು ಕಡೆಯ ಒಂದು ಹಳ್ಳಿ. ಚೈತ್ರಾ ಬರೆದ ನಕ್ಷೆಯಲ್ಲಿ ಅಜ್ಜಿಗೆ ಇಬ್ಬರು ಅಣ್ಣತಮ್ಮಂದಿರು, ಒಬ್ಬ ತಂಗಿ. ತಮ್ಮ ಆರು ವರ್ಷದವನಿದ್ದಾಗ ಬಿದ್ದು ನಾಲಿಗೆ ಕಚ್ಚಿಕೊಂಡ. ನಾಲ್ಕು ದಿನ ರಕ್ತ ನಿಲ್ಲದೆ ತೀರಿಕೊಂಡ. ಅಣ್ಣ 19ಕ್ಕೆ ಗಾಡಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ರಾತ್ರಿ ಊಟ ಮಾಡಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಅಜ್ಜಿಗೆ ಮೂವರು ಮಕ್ಕಳು. ದೊಡ್ಡಮ್ಮ, ಚೈತ್ರಾಳ ಅಮ್ಮ, ಆಮೇಲೆ ಬಸವರಾಜ ಮಾವ. ಮಾವನಿಗೆ 31. ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಎಡ ಮೊಣಕಾಲು ಪೂರ್ತಿ ನೀಟಾಗುವುದಿಲ್ಲ. ಚಿಕ್ಕವನಿದ್ದಾಗ ಕಾಲು ಊದಿದಾಗಲೆಲ್ಲ ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಿದ್ದರು, ಬಿಸಿ ಇಟ್ಟಿಗೆಯಿಂದ ಕಾವು ಕೊಟ್ಟಿದ್ದರು. ಕೀಲಿನೊಳಗೆ ರಕ್ತ ಸೋರುತ್ತಿರುವಾಗ ಶಾಖ ಕೊಟ್ಟು ತಿಕ್ಕಿದರೆ ಸೋರಿಕೆ ಜಾಸ್ತಿ ಆಗುತ್ತದೆ. ಮತ್ತೆ ಮತ್ತೆ ರಕ್ತ ತುಂಬಿದ ಕೀಲಿನ ಮೆದುಮೂಳೆ ಸವೆದು ಹೋಗುತ್ತದೆ. ಅವನಿಗೆ ಕಾಯಿಲೆಯ ಹೆಸರು ಗೊತ್ತಾದದ್ದು 14ನೇ ವಯಸ್ಸಿನಲ್ಲಿ. ಅಷ್ಟೊತ್ತಿಗೆ ಕಾಲು ಬಾಗಿ ಆಗಿತ್ತು.

ದಾವಣಗೆರೆಯಲ್ಲಿ ಇದ್ದಿದ್ದು ಈ ಮನೆಗೆ ಒಂದು ಅನುಕೂಲ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ಇದೇ ಊರಲ್ಲಿ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ಸ್ವತಃ ಹಿಮೋಫಿಲಿಯಾ ಇರುವವರು. ಹಾಗಾಗಿ ಈ ಊರಿನಲ್ಲಿ ಎಷ್ಟೋ ಮನೆಗಳಿಗೆ ಆ ಪದ ಗೊತ್ತು. ಆದರೆ ಪದ ಗೊತ್ತಿರುವುದು ಬೇರೆ, ಅದು ಮನೆಯೊಳಗೆ ಹೇಗೆ ನಡೆದು ಬಂತು ಅಂತ ಗೊತ್ತಿರುವುದು ಬೇರೆ. ಈ ಮನೆಯಲ್ಲಿ ಕಾರಣಕ್ಕೆ ಬೇರೆಯದೇ ಕಥೆ ಇತ್ತು. ಅಜ್ಜಿಯ ಅವ್ವ ಹೊಸ ಮದುವಣಗಿತ್ತಿಯಾಗಿ ಬಂದ ವರ್ಷ ಹೊಲದಲ್ಲಿ ಹುತ್ತ ಒಡೆದಿದ್ದಳಂತೆ. ಅದಕ್ಕೇ ಗಂಡುಮಕ್ಕಳು ಉಳಿಯಲ್ಲ ಅಂತ ಊರವರು ಆಡಿದರು. ಎರಡನೇ ಮಗ ಸತ್ತ ಮೇಲೆ ಅವಳನ್ನು ಯಾರೂ ಶುಭಕಾರ್ಯಕ್ಕೆ ಕರೆಯಲಿಲ್ಲ.

ಇದನ್ನು ಅಜ್ಜಿ ನನಗೆ ಹೇಳಿದ್ದು ಮೂರನೇ ಭೇಟಿಯಲ್ಲಿ. ಮೊದಲೆರಡು ಸಲ ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಏಳಲೇ ಇಲ್ಲ.

ಅಜ್ಜಿಗೆ ಅರ್ಥವಾಗಲಿ ಅಂತ ನಾನು ಬೋರ್‌ವೆಲ್ ಲೆಕ್ಕದಲ್ಲಿ ಹೇಳಿದೆ. ಜಗಳೂರು ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಹೇಗೆ ತಯಾರಾಗಬೇಕು ಅನ್ನುವ ಮಾಹಿತಿ ಎಕ್ಸ್ ಅನ್ನುವ ಕ್ರೋಮೋಸೋಮಿನ ತುದಿಯಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಹೆಣ್ಣಿನ ಹೊಲಕ್ಕೆ ಎರಡು ಬೋರು. ಒಂದು ಬತ್ತಿದರೂ ಇನ್ನೊಂದರಲ್ಲಿ ಬೆಳೆ ಉಳಿಯುತ್ತದೆ. ಗಂಡಿಗಿರುವುದು ಒಂದೇ ಬೋರು, ಅದೂ ಅವ್ವನಿಂದ ಬಂದದ್ದು. ಯಾಕಂದರೆ ಅಪ್ಪ ಮಗನಿಗೆ ಕೊಡುವುದು ವೈ, ಎಕ್ಸ್ ಅಲ್ಲ. ಬತ್ತಿದ ಬೋರು ಅವನ ಪಾಲಿಗೆ ಬಂದರೆ ಹೊಲ ಒಣಗಿದಂತೆಯೇ. ಎರಡರಲ್ಲಿ ಒಂದು ಕೆಟ್ಟಿರುವ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧ. ಪ್ರತಿ ಹೆಣ್ಣುಮಗುವೂ ಅದನ್ನು ಹೊರುವ ಸಾಧ್ಯತೆ ಅರ್ಧ. ಪ್ರತಿ ಬಸುರಿಗೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ. ಒಂದು ಮಗುವಿಗೆ ಬಂದಿದೆ ಅಂತ ಇನ್ನೊಂದಕ್ಕೆ ತಪ್ಪುವುದಿಲ್ಲ.

ಚೈತ್ರಾ ತಕ್ಷಣ ತನ್ನ ನಕ್ಷೆಯಲ್ಲಿ ಅಜ್ಜಿಯ ವೃತ್ತದ ನಡುವೆ ಒಂದು ಚುಕ್ಕಿ ಇಟ್ಟಳು. ವಾಹಕಿಗೆ ಹಾಕುವ ಗುರುತು ಅದು. ಅಜ್ಜಿಯ ಅಣ್ಣತಮ್ಮಂದಿರಿಗೂ ಇತ್ತು, ಮಗನಿಗೂ ಇದೆ, ಹಾಗಾಗಿ ಪರೀಕ್ಷೆ ಮಾಡದೆಯೇ ಅಜ್ಜಿ ವಾಹಕಿ ಅಂತ ಹೇಳಬಹುದು. ಅಮ್ಮನೂ ಅಷ್ಟೇ. ತಮ್ಮನಿಗೆ ಇದೆ, ಮಗನಿಗೆ ಇದೆ. ಚುಕ್ಕಿ. ಆಮೇಲೆ ಪೆನ್ನು ಅವಳದೇ ವೃತ್ತದ ಮೇಲೆ ಬಂದು ನಿಂತಿತು.

"ನನಗೆ ಅರ್ಧ, ಅಲ್ವಾ ಮೇಡಂ?"

"ಸದ್ಯಕ್ಕೆ ಅರ್ಧ."

ಅವಳು ಚುಕ್ಕಿ ಇಡಲಿಲ್ಲ. ಪೆನ್ಸಿಲ್ ತೆಗೆದು ಒಂದು ಪ್ರಶ್ನೆ ಚಿಹ್ನೆ ಬರೆದಳು.

ಯಾರೂ ಕೇಳದಿದ್ದ ಪ್ರಶ್ನೆ

ವಾಹಕಿ ಅನ್ನುವ ಪದದ ಮೇಲೆ ನನಗೆ ಹಳೆಯ ಸಿಟ್ಟಿದೆ. ಹೊತ್ತು ಸಾಗಿಸುವವಳು, ಅವಳಿಗೆ ಏನೂ ಆಗುವುದಿಲ್ಲ ಅನ್ನುವ ಅರ್ಥ ಕೊಡುತ್ತದೆ ಅದು. ಹೆಣ್ಣುಮಕ್ಕಳಿಗೆ ಹಿಮೋಫಿಲಿಯಾ ಬರುವುದು ತೀರಾ ಅಪರೂಪ ಅಂತ ಪಾಠದಲ್ಲೂ ಹೇಳಿಕೊಡುತ್ತಾರೆ. ಅದಕ್ಕೇ ಅವರಿಗೆ ರಕ್ತ ಹೋದರೆ ಯಾರೂ ಎಣಿಸುವುದಿಲ್ಲ.

ನಾನು ಚೈತ್ರಾಳನ್ನು ತಿಂಗಳ ಮುಟ್ಟಿನ ಬಗ್ಗೆ ಕೇಳಿದೆ. ಅವಳು ತಲೆ ತಗ್ಗಿಸಿದಳು. ಎಂಟು ಒಂಬತ್ತು ದಿನ. ಎರಡನೇ ದಿನ ಒಂದೂವರೆ ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ರಾತ್ರಿ ಎದ್ದು ಚಾಪೆ ತೊಳೆಯಬೇಕು. ಕಾಲೇಜಿಗೆ ತಿಂಗಳಿಗೆ ಮೂರು ದಿನ ರಜೆ. ಮನೆಯವರು ಹೇಳುತ್ತಿದ್ದದ್ದು ಒಂದೇ ಮಾತು: ಮೈ ಉಷ್ಣ, ಎಳನೀರು ಕುಡಿ, ಮೆಂತ್ಯ ನೆನೆಸಿ ತಿನ್ನು. ಹನ್ನೊಂದನೇ ವಯಸ್ಸಿನಲ್ಲಿ ಹಲ್ಲು ತೆಗೆಸಿದಾಗ ಮೂರು ದಿನ ಬಾಯಲ್ಲಿ ರಕ್ತ ಒಸರಿತ್ತು. ಅದನ್ನೂ ಉಷ್ಣದ ಲೆಕ್ಕಕ್ಕೇ ಹಾಕಿದ್ದರು.

ಅವಳ ಅಮ್ಮ ಪಕ್ಕದಲ್ಲೇ ಕೂತಿದ್ದರು. ನಿಧಾನವಾಗಿ ಬಾಯಿ ಬಿಟ್ಟರು. ಮನು ಹುಟ್ಟಿದ ಮೇಲೆ ಐದು ವಾರ ರಕ್ತ ಹೋಗಿತ್ತು. ಎರಡು ಬಾಟಲು ರಕ್ತ ಹಾಕಿಸಿದ್ದರು. ಬಾಣಂತನದ ನಂಜು ಅಂದಿದ್ದರಂತೆ. ಬಸುರಿನಲ್ಲಿ ಫ್ಯಾಕ್ಟರ್ 8 ತಾನಾಗಿಯೇ ಏರುತ್ತದೆ, ಹೆರಿಗೆಯಾದ ಮೇಲೆ ಇಳಿಯುತ್ತದೆ. ಹೆರಿಗೆಯ ದಿನ ಎಲ್ಲ ಸರಿಯಾಗಿ ಕಂಡು, ಮನೆಗೆ ಹೋದ ಮೇಲೆ ರಕ್ತ ಹೋಗಲು ಶುರುವಾಗುವುದು ಇದೇ ಕಾರಣಕ್ಕೆ. ಅಜ್ಜಿ ಏನೂ ಹೇಳಲಿಲ್ಲ, ಆದರೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

ಎರಡು ಬೋರಿದ್ದೂ ನೀರು ಕಡಿಮೆ ಆಗುವುದು ಹೇಗೆ? ಇದು ಚೈತ್ರಾಳ ಪ್ರಶ್ನೆ. ಹೆಣ್ಣಿನ ದೇಹದ ಪ್ರತಿ ಜೀವಕೋಶವೂ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮಾತ್ರ ಬಳಸಿಕೊಳ್ಳುತ್ತದೆ. ಇನ್ನೊಂದನ್ನು ಗರ್ಭದಲ್ಲಿ ತೀರಾ ಎಳೆಯ ಹಂತದಲ್ಲೇ ಮುಚ್ಚಿಬಿಡುತ್ತದೆ. ಯಾವುದನ್ನು ಮುಚ್ಚಬೇಕು ಅನ್ನುವುದಕ್ಕೆ ನಿಯಮ ಇಲ್ಲ. ಹೊಲದ ಪ್ರತಿ ಮಡಿಗೂ ಒಂದೇ ಪೈಪು, ಅದು ಯಾವ ಬೋರಿನದ್ದು ಅನ್ನುವುದು ಅದೃಷ್ಟ. ಅರ್ಧಕ್ಕರ್ಧ ಹಂಚಿಕೆಯಾದರೆ ಫ್ಯಾಕ್ಟರ್ ಮಟ್ಟ ಶೇ. 50ರ ಆಸುಪಾಸು ಇರುತ್ತದೆ, ತೊಂದರೆ ಕಡಿಮೆ. ಕೆಟ್ಟ ಬೋರಿನ ಪೈಪೇ ಜಾಸ್ತಿ ಮಡಿಗಳಿಗೆ ಹೋಗಿದ್ದರೆ ಮಟ್ಟ ಕೆಳಗಿಳಿಯುತ್ತದೆ. ವಾಹಕಿಯರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಶೇ. 40ಕ್ಕಿಂತ ಕಡಿಮೆ ಇರುತ್ತದೆ. ಗಂಡಿಗೆ ಆ ಮಟ್ಟ ಇದ್ದರೆ ಸೌಮ್ಯ ಹಿಮೋಫಿಲಿಯಾ ಅನ್ನುತ್ತೇವೆ. ಹೆಣ್ಣಿಗೂ ಅದೇ ಹೆಸರು ಸಲ್ಲಬೇಕು.

ಅವಳ ಹಳೆಯ ಫೈಲಿನಲ್ಲಿ ಒಂದು ನರ್ಸಿಂಗ್ ಹೋಮಿನ ಚೀಟಿ ಇತ್ತು. ರಕ್ತ ನಿಲ್ಲುವ, ಹೆಪ್ಪುಗಟ್ಟುವ ಹೊತ್ತು ಅಳೆಯುವ ಬಿ.ಟಿ., ಸಿ.ಟಿ. ನಾರ್ಮಲ್ ಅಂತ ಬರೆದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದ್ದರು. ಬೆರಳು ಚುಚ್ಚಿ ಗಡಿಯಾರ ನೋಡುವ ಈ ಪರೀಕ್ಷೆಗಳಲ್ಲಿ ಸೌಮ್ಯ ಕೊರತೆ ಸಿಗುವುದಿಲ್ಲ. ಮಟ್ಟ ಶೇ. 30ರ ಆಚೀಚೆ ಇರುವಾಗ, ಹೆಪ್ಪುಗಟ್ಟುವ ಹೊತ್ತನ್ನು ಲ್ಯಾಬಿನಲ್ಲಿ ಅಳೆಯುವ ಎಪಿಟಿಟಿ ಪರೀಕ್ಷೆ ಕೂಡ ಕೆಲವು ಸಲ ಸರಿಯಾಗೇ ಬರುತ್ತದೆ. ಇಂಥ ಮನೆಯ ಹೆಣ್ಣುಮಗಳಿಗೆ ಫ್ಯಾಕ್ಟರ್ 8ನ್ನೇ ನೇರವಾಗಿ ಅಳೆಯಬೇಕು. ರಕ್ತ ತೆಗೆಯುವಾಗ ತಿಳಿನೀಲಿ ಮುಚ್ಚಳದ ಟ್ಯೂಬು ಗೆರೆಯವರೆಗೆ ತುಂಬಬೇಕು, ಬೇಗ ಲ್ಯಾಬ್ ಸೇರಬೇಕು. ಗಂಟೆಗಟ್ಟಲೆ ಬಿಸಿಲಲ್ಲಿ ಸುತ್ತಿದ ಟ್ಯೂಬಿನಲ್ಲಿ ಫ್ಯಾಕ್ಟರ್ 8 ತಾನೇ ಕರಗಿ, ಇಲ್ಲದ ಕೊರತೆ ತೋರಿಸುತ್ತದೆ.

ನಮ್ಮಲ್ಲಿ ಆದ ಎಡವಟ್ಟು ಇದಕ್ಕೆ ಉಲ್ಟಾ. ಮೊದಲ ವರದಿ ಶೇ. 58 ಬಂತು. ಮನೆಯವರು ಖುಷಿಪಟ್ಟರು. ನನಗೆ ಅವಳ ಮಾತಿಗೂ ಅಂಕಿಗೂ ತಾಳೆಯಾಗಲಿಲ್ಲ. ಕೇಳಿದರೆ, ರಕ್ತ ಕೊಟ್ಟ ದಿನ ಅವಳಿಗೆ ಜ್ವರ ಇತ್ತು. ಜ್ವರ, ಸೋಂಕು, ಓಡಾಟದ ದಣಿವು, ಗಾಬರಿ, ಇವೆಲ್ಲ ಇದ್ದಾಗ ಫ್ಯಾಕ್ಟರ್ 8 ತಾತ್ಕಾಲಿಕವಾಗಿ ಏರುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಬೇಕಿತ್ತು, ನಾನು ಕೇಳಿರಲಿಲ್ಲ. ಆರು ವಾರ ಬಿಟ್ಟು, ಆರಾಮಾಗಿರುವಾಗ, ಅರ್ಧ ಗಂಟೆ ಕೂರಿಸಿ ಮತ್ತೆ ತೆಗೆದೆವು. ಶೇ. 31. ಇನ್ನೊಮ್ಮೆ ನೋಡಿದಾಗ ಶೇ. 33. ಹಿಮೋಗ್ಲೋಬಿನ್ 8.4.

ವೈದ್ಯರು ಮುಟ್ಟಿನ ಜಾಸ್ತಿ ರಕ್ತ ಹೋಗುವ ದಿನಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಬರೆದರು. ಅದು ಫ್ಯಾಕ್ಟರ್ ಏರಿಸುವುದಿಲ್ಲ, ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ನೋಡಿಕೊಳ್ಳುತ್ತದೆ. ಹೊಟ್ಟೆನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಐಬುಪ್ರೊಫೆನ್ ಬಿಡಿಸಿದರು. ಆಸ್ಪಿರಿನ್‌ನಂತೆ ಅದೂ ರಕ್ತ ಕಟ್ಟುವುದಕ್ಕೆ ಅಡ್ಡ ಬರುತ್ತದೆ. ಬದಲಿಗೆ ಪ್ಯಾರಾಸಿಟಮಾಲ್. ಕಬ್ಬಿಣದ ಮಾತ್ರೆ ಮುಂದುವರಿಯಿತು, ಈ ಸಲ ಸೋರಿಕೆ ತಡೆದ ಮೇಲೆ. ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ 11.6ಕ್ಕೆ ಬಂತು. ಅವಳ ಬ್ಯಾಗಿನಲ್ಲಿ ಈಗ ಒಂದು ಕಾರ್ಡ್ ಇದೆ: ಫ್ಯಾಕ್ಟರ್ 8 ಶೇ. 31, ಹಲ್ಲು ಕೀಳುವ ಮೊದಲು, ಆಪರೇಷನ್ ಮೊದಲು ತಿಳಿಸಿ.

ಅಕ್ಕನ ಮದುವೆ ಮಾತು

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ದೊಡ್ಡಮ್ಮನ ಮಗಳು ಪವಿತ್ರಾಗೆ 22. ಅವಳನ್ನು ಬಸವರಾಜ ಮಾವನಿಗೇ ಕೊಡುವುದು ಅಂತ ಹಿರಿಯರು ಮಾತಾಡಿಕೊಂಡಿದ್ದರು. ಸೋದರಮಾವ, ಹೊರಗಿನ ಹುಡುಗಿ ಅವನ ಕಾಲು ನೋಡಿ ಒಪ್ಪುವುದಿಲ್ಲ, ಮನೆ ಹುಡುಗಿಯಾದರೆ ಅರಿತು ನಡೆಯುತ್ತಾಳೆ ಅನ್ನುವುದು ಅವರ ವಾದ. ಕಾಯಿಲೆ ಬಗ್ಗೆಯೂ ಅವರು ಯೋಚಿಸಿದ್ದರು: ದೊಡ್ಡಮ್ಮನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಕಲ್ಲಿನಂತೆ ಗಟ್ಟಿ, ಹಾಗಾಗಿ ಆ ಕಡೆಗೆ ಅದು ಬಂದಿಲ್ಲ.

ಈ ತರ್ಕ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಎಷ್ಟು ಸರಿ ಅಂತ ಲೆಕ್ಕ ಹಾಕಬಹುದು. ಚೈತ್ರಾ ಜೊತೆ ಕೂತು ಹಾಕಿದೆವು. ದೊಡ್ಡಮ್ಮನಂಥ ಎಂಟು ಹೆಂಗಸರು ಇದ್ದಾರೆ ಅಂದುಕೊಳ್ಳಿ. ಎಲ್ಲರೂ ವಾಹಕಿಯ ಮಕ್ಕಳು, ಎಲ್ಲರಿಗೂ ಇಬ್ಬಿಬ್ಬರು ಗಂಡುಮಕ್ಕಳು. ಎಂಟರಲ್ಲಿ ನಾಲ್ವರು ವಾಹಕಿಯರು, ನಾಲ್ವರು ಅಲ್ಲ. ಅಲ್ಲದ ನಾಲ್ವರ ಮಕ್ಕಳೆಲ್ಲ ಗಟ್ಟಿಯೇ. ವಾಹಕಿಯರಾದ ನಾಲ್ವರಲ್ಲೂ ಒಬ್ಬಳಿಗೆ ಇಬ್ಬರು ಮಕ್ಕಳೂ ಗಟ್ಟಿಯಾಗೇ ಹುಟ್ಟಿರುತ್ತಾರೆ. ಅಂದರೆ ಇಬ್ಬರೂ ಗಟ್ಟಿ ಇರುವ ತಾಯಂದಿರು ಐದು ಜನ, ಅವರಲ್ಲಿ ಒಬ್ಬಳು ವಾಹಕಿ. ದೊಡ್ಡಮ್ಮನ ಸಾಧ್ಯತೆ ಅರ್ಧದಿಂದ ಐದರಲ್ಲಿ ಒಂದಕ್ಕೆ ಇಳಿಯಿತು. ಪವಿತ್ರಾಳದು ಅದರ ಅರ್ಧ, ಹತ್ತರಲ್ಲಿ ಒಂದು. ಸೊನ್ನೆಯಲ್ಲ.

ಹತ್ತರಲ್ಲಿ ಒಂದು ಅಂದರೆ ಚಿಕ್ಕದಲ್ವಾ ಅಂತ ದೊಡ್ಡಮ್ಮ ಕೇಳಿದರು. ಚಿಕ್ಕದೇ. ಆದರೆ ಆ ಒಂದು ನಿಜವಾದರೆ ಆಗುವುದೇನು ಅಂತ ಚೈತ್ರಾ ನಕ್ಷೆ ಬರೆದು ತೋರಿಸಿದಳು. ಹಿಮೋಫಿಲಿಯಾ ಇರುವ ಗಂಡು ತನ್ನ ಒಂದೇ ಎಕ್ಸನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ. ತಾಯಿಯೂ ವಾಹಕಿಯಾದರೆ ಪ್ರತಿ ಹೆಣ್ಣುಮಗುವಿಗೂ ಎರಡೂ ಬೋರು ಬತ್ತಿರುವ ಸಾಧ್ಯತೆ ಅರ್ಧ. ಅಂದರೆ ಮನುಗೆ ಇರುವಷ್ಟೇ ತೀವ್ರ ಕಾಯಿಲೆ, ಅದರ ಮೇಲೆ ತಿಂಗಳ ಮುಟ್ಟು. ಮನೆ ಹುಡುಗಿಯನ್ನೇ ತರುವ ನಮ್ಮ ಕಡೆಯ ಪದ್ಧತಿಯಲ್ಲಿ ಈ ಒಂದು ಜೋಡಿ ಮಾತ್ರ ನಿಜಕ್ಕೂ ಹೆದರಬೇಕಾದದ್ದು. ಉಳಿದಂತೆ ಹಿಮೋಫಿಲಿಯಾ ಬರಲು ಸಂಬಂಧದ ಮದುವೆ ಬೇಕಿಲ್ಲ. ಚೈತ್ರಾಳ ಅಪ್ಪ ಚನ್ನಗಿರಿ ಕಡೆಯವರು, ಈ ಮನೆಗೆ ಯಾವ ನಂಟೂ ಇಲ್ಲ. ಆದರೂ ಮನು ಹುಟ್ಟಿದ.

ಪವಿತ್ರಾಳ ಫ್ಯಾಕ್ಟರ್ ಮಟ್ಟ ನೋಡಿದಾಗ ಶೇ. 92 ಬಂತು. ಅಲ್ಲಿಗೆ ಎಲ್ಲರೂ ಕೈ ತೊಳೆದುಕೊಳ್ಳಲು ಸಿದ್ಧರಾದರು. ನಾನು ಬಿಡಲಿಲ್ಲ. ಒಳ್ಳೆಯ ಬೋರಿನ ಪೈಪು ಜಾಸ್ತಿ ಮಡಿಗೆ ಹೋಗಿದ್ದರೂ ಶೇ. 92 ಬರಬಹುದು. ಮಟ್ಟ ಕಡಿಮೆ ಇದ್ದರೆ ವಾಹಕಿ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಮಟ್ಟ ಚೆನ್ನಾಗಿದೆ ಅಂತ ವಾಹಕಿ ಅಲ್ಲ ಅನ್ನಲು ಬರುವುದಿಲ್ಲ. ಅದಕ್ಕೆ ಜೀನನ್ನೇ ನೋಡಬೇಕು. ಅಲ್ಲೂ ಒಂದು ಕ್ರಮ ಇದೆ. ಮೊದಲು ಕಾಯಿಲೆ ಇರುವ ಗಂಡಿನ ರಕ್ತ. ಅವನಲ್ಲಿ ಯಾವ ದೋಷ ಅಂತ ಸಿಕ್ಕ ಮೇಲೆ ಅದೇ ದೋಷವನ್ನು ಹೆಣ್ಣುಮಕ್ಕಳಲ್ಲಿ ಹುಡುಕಬೇಕು. ನೇರವಾಗಿ ಹೆಣ್ಣಿನಿಂದ ಶುರು ಮಾಡಿ 'ಏನೂ ಸಿಗಲಿಲ್ಲ' ಅಂತ ಬಂದರೆ, ಇಲ್ಲವೋ, ಹುಡುಕಿದ ಜಾಗದಲ್ಲಿ ಇಲ್ಲವೋ ಗೊತ್ತಾಗುವುದಿಲ್ಲ.

ಮನುವಿನ ರಕ್ತ ಹೋಯಿತು. ವರದಿ ಬಂದಾಗ ಅದರಲ್ಲಿ ಇಂಟ್ರಾನ್ 22 ತಿರುವುಮುರುವು ಅಂತಿತ್ತು, ಅಂದರೆ ಜೀನಿನ ಒಂದು ತುಂಡು ತಲೆಕೆಳಗಾಗಿ ನಿಂತಿದೆ ಅಂತ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಲ್ಲಿ ಸಿಗುವುದು ಇದೇ ದೋಷ. ಆಮೇಲೆ ಅಮ್ಮ, ದೊಡ್ಡಮ್ಮ, ಪವಿತ್ರಾ. ಚೈತ್ರಾಳದನ್ನು ಆಗಲೇ ಕಳಿಸಲಿಲ್ಲ. ಅವಳ ಫ್ಯಾಕ್ಟರ್ ಮಟ್ಟ ಗೊತ್ತಿತ್ತು, ಚಿಕಿತ್ಸೆಗೆ ಅಷ್ಟು ಸಾಕು. ಜೀನ್ ಪರೀಕ್ಷೆ ಮುಂದಿನ ಮಕ್ಕಳ ವಿಷಯಕ್ಕೆ ಸಂಬಂಧಿಸಿದ್ದು. ಅದು 18 ತುಂಬಿದ ಮೇಲೆ ಅವಳೇ ಕೇಳಿ ಮಾಡಿಸಿಕೊಳ್ಳಬೇಕಾದದ್ದು, ಅಪ್ಪ ಅಮ್ಮನ ಸಹಿಯ ಮೇಲೆ ಮಾಡುವಂಥದ್ದಲ್ಲ ಅನ್ನುವುದು ನನ್ನ ನಿಲುವು. ಅವಳಿಗೂ ಅದನ್ನೇ ಹೇಳಿದೆ. ಒಪ್ಪಿದಳು.

ದೊಡ್ಡಮ್ಮನಲ್ಲಿ ಆ ದೋಷ ಇರಲಿಲ್ಲ. ಹಾಗಾಗಿ ಪವಿತ್ರಾಳಲ್ಲೂ ಇರಲಿಲ್ಲ. ಹಿರಿಯರು ಮತ್ತೆ ಮದುವೆ ಮಾತು ಎತ್ತಿದರು. ಬಸವರಾಜ ಮಾವ ಒಂದೇ ಮಾತಿನಲ್ಲಿ ಬೇಡ ಅಂದ. ಅವಳು ನನ್ನ ತೊಡೆಯ ಮೇಲೆ ಆಡಿದ ಕೂಸು ಅಂದ. ಪವಿತ್ರಾ ಬಿ.ಎಡ್. ಸೇರಿದಳು.

ಎಲ್ಲಿಂದ ಶುರುವಾಯಿತು

ವರದಿಯನ್ನು ಓದಿದ ದಿನ ಅಜ್ಜಿ ನನ್ನನ್ನು ಕೇಳಿದ್ದು ಒಂದೇ ವಿಷಯ.

"ಹಂಗಾರೆ ನಮ್ಮವ್ವ ಮಾಡಿದ್ದಲ್ಲ ಅಂತೀಯೇನವ್ವಾ? ಹುತ್ತದ್ದಲ್ಲ?"

ನಾನು ಅವರಿಗೆ ಒಂದು ಹಳೆಯ ಸೀರೆಯ ಅಂಚು ಕೇಳಿದೆ. ಚೈತ್ರಾ ತನ್ನ ವೇಲ್ ಕೊಟ್ಟಳು. ಅದರ ತುದಿಯ ಹತ್ತಿರ ಒಂದೇ ಥರದ ಎರಡು ಹೂವುಗಳಿದ್ದವು, ಒಂದು ತುದಿಯಲ್ಲೇ, ಇನ್ನೊಂದು ಗೇಣು ಕೆಳಗೆ. ಎಕ್ಸ್ ಕ್ರೋಮೋಸೋಮಿನ ತುದಿಯಲ್ಲೂ ಹೀಗೇ ಇದೆ. ಫ್ಯಾಕ್ಟರ್ 8ರ ಜೀನಿನ ಒಳಗೆ ಒಂದು ಹೂವು. ಅಂಥದ್ದೇ ಹೂವುಗಳು ಜೀನಿನಿಂದ ಆಚೆ, ತುದಿಯ ಕಡೆಗೂ ಇವೆ. ಹೆಣ್ಣಿನಲ್ಲಿ ಅಂಡ ತಯಾರಾಗುವಾಗ ಎರಡು ಎಕ್ಸ್‌ಗಳು ಅಂಚಿಗೆ ಅಂಚು ಸೇರಿಸಿದ ಎರಡು ಬಟ್ಟೆಗಳ ಹಾಗೆ ಜೋಡಿಯಾಗಿ ನಿಲ್ಲುತ್ತವೆ. ಗಂಡಿನಲ್ಲಿ ವೀರ್ಯಾಣು ತಯಾರಾಗುವಾಗ ಎಕ್ಸ್‌ಗೆ ಆ ಜಾಗದಲ್ಲಿ ಜೋಡಿ ಇಲ್ಲ. ಹಿಡಿಯಲು ಇನ್ನೊಂದು ಅಂಚಿಲ್ಲದ ತುದಿ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ನಾನು ವೇಲನ್ನು ಮಡಚಿ ಹೂವಿನ ಮೇಲೆ ಹೂವು ಬರುವ ಹಾಗೆ ಹಿಡಿದೆ. ಅಲ್ಲಿ ಕತ್ತರಿಸಿ ಹೊಲಿದರೆ ನಡುವಿನ ಬಟ್ಟೆ ತಲೆಕೆಳಗಾಗುತ್ತದೆ. ಬಟ್ಟೆ ಒಂದು ಎಳೆಯೂ ಕಡಿಮೆಯಾಗಿಲ್ಲ, ಆದರೆ ಜೀನು ಎರಡು ತುಂಡಾಗಿ, ಒಂದು ತುಂಡು ಹಿಂದುಮುಂದಾಗಿ ನಿಂತಿದೆ. ಅದನ್ನು ಓದಿ ಫ್ಯಾಕ್ಟರ್ 8 ತಯಾರಿಸಲು ಆಗುವುದಿಲ್ಲ.

ಈ ದೋಷ ಹೊಸದಾಗಿ ಹುಟ್ಟುವುದು ಬಹುಪಾಲು ಗಂಡಿನ ವೀರ್ಯಾಣುವಿನಲ್ಲೇ. ಅಲ್ಲಿಂದ ಅದು ಮಗಳಿಗೆ ಬರುತ್ತದೆ. ಮಗಳು ಆರೋಗ್ಯವಾಗಿ ಬೆಳೆದು ಮದುವೆಯಾಗಿ ಹೋಗುತ್ತಾಳೆ. ಹೋದ ಮನೆಯಲ್ಲಿ ಅವಳ ಗಂಡುಮಕ್ಕಳಿಗೆ ಕಾಣಿಸಿಕೊಳ್ಳುತ್ತದೆ.

ಅಜ್ಜಿಯ ಅವ್ವನಿಗೆ ಎಷ್ಟು ಜನ ಅಣ್ಣತಮ್ಮಂದಿರು ಅಂತ ಕೇಳಿದೆ. ನಾಲ್ವರು. ನಾಲ್ವರೂ ಹೊಲ ಉತ್ತು, ಕುಸ್ತಿ ಆಡಿ, ಮೊಮ್ಮಕ್ಕಳನ್ನು ಕಂಡು ತೀರಿಕೊಂಡವರು. ಮುತ್ತಜ್ಜಿಯ ತಾಯಿಯೇ ವಾಹಕಿಯಾಗಿದ್ದರೆ ನಾಲ್ವರು ಗಂಡುಮಕ್ಕಳೂ ತಪ್ಪಿಸಿಕೊಳ್ಳುವ ಸಾಧ್ಯತೆ ಹದಿನಾರರಲ್ಲಿ ಒಂದು. ಆಗಲೇಬಾರದು ಅಂತಲ್ಲ. ಆದರೆ ಈ ಮನೆಯಲ್ಲಿ ಆ ಮಡಿಕೆ ಬಿದ್ದದ್ದು ಮುತ್ತಜ್ಜಿಯ ಅಪ್ಪನಲ್ಲಿ, ಅವಳು ಹುಟ್ಟುವ ಮೊದಲೇ, ಅನ್ನುವ ಕಡೆಗೇ ತಕ್ಕಡಿ ವಾಲುತ್ತದೆ. ಅವನಿಗೂ ಗೊತ್ತಾಗಿರುವುದಿಲ್ಲ. ಅವನ ಮೈಯಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಅವನು ತಿಂದದ್ದಕ್ಕೂ, ಮಾಡಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅಜ್ಜಿ ಬಹಳ ಹೊತ್ತು ವೇಲಿನ ಮಡಿಕೆಯನ್ನು ಬೆರಳಿನಿಂದ ಬಿಡಿಸುತ್ತಾ ಕೂತಿದ್ದರು.

"ಅಂದ್ರೆ ಗಂಡಸಿನಿಂದ ಬಂದದ್ದು. ಬೈಸ್ಕೊಂಡೋಳು ನಮ್ಮವ್ವ."

ಚೈತ್ರಾ ನಕ್ಷೆಯ ಮೇಲ್ಭಾಗದಲ್ಲಿ ಇನ್ನೊಂದು ಸಾಲು ಎಳೆದು ಒಂದು ಬಿಳಿ ಚೌಕ ಬರೆದಳು, ಅದರ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ. ಕೆಳಗೆ ಮುತ್ತಜ್ಜಿಗೆ ಚುಕ್ಕಿ ಇಟ್ಟ ವೃತ್ತ. ಅದರ ಕೆಳಗೆ ಎರಡು ಕಪ್ಪು ಚೌಕ. ಅಜ್ಜಿ ಮೊದಲ ಸಲ ಕುರ್ಚಿ ಬಿಟ್ಟು ಎದ್ದು ಬಂದು ಮೇಜಿನ ಮೇಲೆ ಬಗ್ಗಿ ನೋಡಿದರು. ಇವರಿಬ್ಬರ ಹೆಸರು ಬರೀ ಅಂದರು. ಬರೆದಳು.

ಆಮೇಲೆ ಅಜ್ಜಿಯ ಬೆರಳು ಪಕ್ಕಕ್ಕೆ, ತಂಗಿಯ ವೃತ್ತದ ಮೇಲೆ ಹೋಯಿತು. ಚೈತ್ರಾ ಅಲ್ಲಿಗೆ ಗೆರೆ ನಿಲ್ಲಿಸಿಬಿಟ್ಟಿದ್ದಳು, ಯಾಕಂದರೆ ಆ ಮನೆಯ ಜೊತೆ ಮಾತುಕತೆ ಇರಲಿಲ್ಲ. ಹೊಲದ ಬದುವಿನ ಜಗಳ, ಹತ್ತು ವರ್ಷದ್ದು. ತಂಗಿಯ ಮಗಳಿಗೆ ಐದು ವರ್ಷದ ಗಂಡುಮಗ ಇದ್ದಾನೆ ಅಂತ ಅಜ್ಜಿ ಹೇಳಿದರು. ಹೋದ ಜಾತ್ರೆಯಲ್ಲಿ ದೂರದಿಂದ ನೋಡಿದ್ದರಂತೆ. ಕುಂಟುತ್ತಿದ್ದನಂತೆ.

ನಾನು ಏನಾದರೂ ಹೇಳುವ ಮೊದಲೇ ಅಜ್ಜಿ ಫೋನ್ ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಚೈತ್ರಾ ಯಾರ್ಯಾರನ್ನೋ ಕೇಳಿ ನಂಬರ್ ಹುಡುಕಿ ಹಚ್ಚಿಕೊಟ್ಟಳು. ಆ ಕಡೆ ಎತ್ತಿದರು. ಅಜ್ಜಿ ಹೆಚ್ಚು ಪೀಠಿಕೆ ಹಾಕಲಿಲ್ಲ.

"ನಾನು ನಿನ್ ದೊಡ್ಡಮ್ಮ ಮಾತಾಡ್ತಿರೋದು. ಇಡಬ್ಯಾಡ, ಕೇಳು. ಹುಡುಗನ ಮೊಣಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬ್ಯಾಡ. ಕಾವು ಕೊಡಬ್ಯಾಡ. ಸೊಂಟಕ್ಕೆ ಸೂಜಿ ಹಾಕಿಸಬ್ಯಾಡ. ಐಸು ಇಡು, ಕಾಲು ಎತ್ತರಕ್ಕೆ ಇಡು. ನಾಳೆ ಮೊದಲ್ನೇ ಬಸ್ಸಿಗೆ ಕರ್ಕೊಂಡು ದಾವಣಗೆರೆಗೆ ಬಾ. ನಾನು ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರ್ತೀನಿ."